ಗರ್ಭಚೀಲ ತೆಗೆದರೆ ಹಾರ್ಮೋನ್ ನಿಂತೇ ಹೋಗುತ್ತಾ?

ಪ್ರಶ್ನೆ: ನಮ್ಮ ವೈನಿಗೆ 41 ವರ್ಷ, ಗದಗಿನಲ್ಲಿ ಗರ್ಭಚೀಲದ ಆಪರೇಷನ್ ಇದೆ. ಆಮೇಲೆ ಹಾರ್ಮೋನ್ ಪೂರ್ತಿ ನಿಂತುಬಿಡುತ್ತಾ?

ಓವರಿ, ಅಂದರೆ ಅಂಡಾಶಯ ಉಳಿಸಿದರೆ ನಿಲ್ಲೋದಿಲ್ಲ. ಹಾರ್ಮೋನ್ ಬರೋದು ಓವರಿಯಿಂದ, ಗರ್ಭಚೀಲದಿಂದ ಅಲ್ಲ. ಮುಟ್ಟು ಮಾತ್ರ ನಿಲ್ಲುತ್ತದೆ, ಯಾಕಂದರೆ ಆ ರಕ್ತ ಬರುತ್ತಿದ್ದದ್ದು ಗರ್ಭಚೀಲದ ಒಳಪದರದಿಂದ.

ಒಂದು ಮಿತಿ ಇದೆ. ಓವರಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ, ಅದರಲ್ಲೊಂದು ಗರ್ಭಚೀಲದ ರಕ್ತನಾಳದ ಕವಲು, ಆಪರೇಷನ್ನಿನಲ್ಲಿ ಅದು ಕಟ್ ಆಗುತ್ತದೆ. ಹಾಗಾಗಿ ಕೆಲವರಿಗೆ ಮೆನೋಪಾಸ್, ಅಂದರೆ ಓವರಿ ಕೆಲಸ ನಿಲ್ಲಿಸುವ ಕಾಲ, ಸ್ವಲ್ಪ ಬೇಗ ಬರಬಹುದು. ಮುಟ್ಟೇ ಇಲ್ಲದ ಮೇಲೆ ಗೊತ್ತಾಗೋದು ಹೇಗೆ? ಇದ್ದಕ್ಕಿದ್ದಂತೆ ಮೈ ಬಿಸಿಯಾಗೋದು, ರಾತ್ರಿ ಬೆವರು, ನಿದ್ದೆ ಕೆಡೋದು ಶುರುವಾದರೆ ಡಾಕ್ಟರಿಗೆ ತೋರಿಸಿ, ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಎರಡೂ ಓವರಿ ತೆಗೆದರೆ ಕಥೆಯೇ ಬೇರೆ. ಓವರಿಯ ಮುಖ್ಯ ಹಾರ್ಮೋನ್ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ, ಕೆಲವೇ ದಿನಗಳಲ್ಲಿ ಇದೇ ತೊಂದರೆಗಳು ಜೋರಾಗಿ ಬರುತ್ತವೆ, ಮುಂದೆ ಮೂಳೆ ಸವೆಯುವ, ಹೃದಯದ ಕಾಯಿಲೆ ಬರುವ ಅಪಾಯವೂ ಜಾಸ್ತಿ. 41ಕ್ಕೆ ಹೀಗಾದರೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜ ಮೆನೋಪಾಸಿನ ವಯಸ್ಸಿನ ತನಕ ಹಾರ್ಮೋನ್ ಔಷಧಿ ಕೊಡುವುದು ವಾಡಿಕೆ.

ಆಪರೇಷನ್ನನ್ನು ಹೊಟ್ಟೆ ಕೊಯ್ದು, ದುರ್ಬೀನಿನಿಂದ ಅಥವಾ ಯೋನಿ ಮಾರ್ಗದಲ್ಲಿ ಮಾಡುತ್ತಾರೆ. ದಾರಿ ಬದಲಾದರೆ ಗಾಯ ಮಾಯುವ ದಿನಗಳು ಬದಲಾಗುತ್ತವೆ, ಹಾರ್ಮೋನ್ ಅಲ್ಲ. 'ಟೋಟಲ್' ಅಂದರೂ ಹೆದರಬೇಡಿ, ಗರ್ಭಚೀಲದ ಜೊತೆ ಅದರ ಕೊರಳನ್ನೂ ತೆಗೆಯುತ್ತಾರೆ ಅಂತ ಅಷ್ಟೇ ಅರ್ಥ. ಸಹಿ ಮಾಡೋ ಕಾಗದದಲ್ಲಿ 'ಬಿಎಸ್‌ಒ' ಅಂತ ಇದೆಯಾ ನೋಡಿ. ಇದ್ದರೆ ಎರಡೂ ಓವರಿ ಹೋಗುತ್ತವೆ. 'ಹೇಗೂ ಹೊಟ್ಟೆ ಕೊಯ್ತೀವಲ್ಲ, ಓವರಿನೂ ತೆಗೆದುಬಿಡೋಣ' ಅನ್ನೋದು ನನ್ನ ಪ್ರಕಾರ ಕಾರಣವೇ ಅಲ್ಲ, ಯಾಕೆ ಅಂತ ಕೇಳಿಯೇ ಸಹಿ ಮಾಡಿ.