ಬಂಡೆ ಬೆಚ್ಚಿಬೀಳಿಸಲಿಲ್ಲ, ಹೆಡ್ಡಿಂಗ್ ಬೆಚ್ಚಿಬೀಳಿಸಿತು

ಸಂಪಾದಕರೇ, ಹೋದ ಸಂಚಿಕೆಯಲ್ಲಿ ನಮ್ಮೂರಿನ ಅಶೋಕನ ಶಾಸನದ ಬಗ್ಗೆ ಒಳ್ಳೆ ಲೇಖನ ಬಂದಿತ್ತು. ಆದರೆ ಮೇಲೆ ನೀವು ಇಟ್ಟ ಹೆಡ್ಡಿಂಗ್ ‘ಈ ಬಂಡೆ ಬಿಚ್ಚಿಟ್ಟ ರಹಸ್ಯ ಕೇಳಿದರೆ ಬೆಚ್ಚಿಬೀಳ್ತೀರಿ!’ ನಾನು ಐವತ್ತು ವರ್ಷದಿಂದ ಆ ಬಂಡೆ ನೋಡ್ತಾ ಇದ್ದೇನೆ, ಒಮ್ಮೆಯೂ ಬೆಚ್ಚಿಬಿದ್ದಿಲ್ಲ. ಹಾಗಂತ ‘ಮಸ್ಕಿ ಶಾಸನ: ಒಂದು ಅವಲೋಕನ’ ಅಂತ ಇಟ್ಟಿದ್ದರೆ ನಾನೂ ಪುಟ ತಿರುವಿಬಿಡ್ತಿದ್ದೆ ಅನ್ನಿ. ಇವೆರಡರ ನಡುವೆ ನಿಮಗೆ ಏನೂ ಸಿಗಲಿಲ್ವಾ?
– ನಿವೃತ್ತ ಶಿಕ್ಷಕರು, ಮಸ್ಕಿ

ಮಾಸ್ತರರೇ,

ತಪ್ಪು ನಮ್ಮದೇ. ಲೇಖಕರು ಕಳಿಸಿದ ತಲೆಬರಹ ಬೇರೆ ಇತ್ತು. ನೀವು ಊಹಿಸಿದ್ದು ಸರಿ, ಅದರಲ್ಲಿ ‘ಅವಲೋಕನ’ ಇತ್ತು! ಪುಟ ಅಚ್ಚಿಗೆ ಹೋಗುವ ರಾತ್ರಿ ಅದನ್ನು ತೆಗೆದು ಈ ಬೆಚ್ಚಿಬೀಳುವುದನ್ನು ಕೂರಿಸಿದ್ದು ನಾನು.

ನಿಮ್ಮ ಪತ್ರ ಬಂದ ದಿನ ರಾಯಚೂರಿನ ನಮ್ಮ ಕಚೇರಿ ಎದುರಿನ ಒಗ್ಗರಣೆ-ಮಿರ್ಚಿ ಅಂಗಡಿಗೆ ಹೋದೆ. ಲೇಖನ ತೋರಿಸದೆ ಹೆಡ್ಡಿಂಗ್ ಅಷ್ಟೇ ಓದಿ ಹೇಳಿದೆ. ‘ಒಳಗ ಏನಿರಬಹುದು?’ ಅಂತ ಕೇಳಿದೆ. ಬಾಣಲೆಯಿಂದ ಕಣ್ಣು ತೆಗೆಯದೆ ಅಂಗಡಿಯಾತ ಅಂದದ್ದು: ‘ದೆವ್ವದ ಕತಿ ಇರಬೇಕ್ರಿ. ಇಲ್ಲಂದ್ರ ನಿಧಿ.’

ಅಶೋಕನ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಬರುವುದಾದರೂ ಹೇಗೆ? ಹೆಡ್ಡಿಂಗ್‌ನಲ್ಲಿ ಮಸ್ಕಿ ಇಲ್ಲ, ಅಶೋಕ ಇಲ್ಲ, ಶಾಸನ ಇಲ್ಲ. ‘ಈ ಬಂಡೆ’ ಅಂತಿದೆ ಅಷ್ಟೇ. ನಮ್ಮ ಕನ್ನಡದಲ್ಲಿ ಈ ‘ಈ’ ಭಾರಿ ಮೋಸದ ಅಕ್ಷರ. ಎದುರಿಗೆ ನಿಂತು ಮಾತಾಡುವಾಗ ಬೆರಳು ತೋರಿಸಿ ‘ಈ ಬಂಡೆ’ ಅನ್ನಬಹುದು. ಹೆಡ್ಡಿಂಗ್‌ನಲ್ಲಿ ಬೆರಳು ಇರುತ್ತದೆ, ಬಂಡೆ ಇರುವುದಿಲ್ಲ. ‘ಈ ಜಿಲ್ಲೆಗೆ ಭಾರಿ ಮಳೆ’, ‘ಈ ಹಣ್ಣು ತಿಂದರೆ ಸಾಕು’ ಎಲ್ಲವೂ ಇದೇ ಜಾತಿ. ಹೆಸರು ಬಚ್ಚಿಟ್ಟು ಓದುಗರನ್ನು ಒಳಗೆ ಎಳೆಯುವ ಉಪಾಯ. ಈಗ ನಮ್ಮಲ್ಲಿ ‘ಈ’ ಕಂಡ ಕೂಡಲೇ ಅದನ್ನು ಹೊಡೆದು ಆ ಜಾಗದಲ್ಲಿ ಹೆಸರು ಬರೆಯಬೇಕು ಅಂತ ಮಾಡಿಕೊಂಡಿದ್ದೇವೆ. ‘ಮಸ್ಕಿ ಬಂಡೆ’ ಅಂದಾಗಲೇ ಅರ್ಧ ಕೆಲಸ ಆಗುತ್ತದೆ. ಉಳಿದರ್ಧಕ್ಕೆ ನಾವು ಮೂವರು ಒಂದು ಮಧ್ಯಾಹ್ನವೆಲ್ಲ ಒದ್ದಾಡಿದೆವು. ಹೇಗೆ ಅಂತ ಹೇಳುತ್ತೇನೆ.

ಮೊದಲು ಲೇಖನದಲ್ಲಿ ನಿಜವಾಗಿ ಏನಿದೆ ಅಂತ ಒಂದೆರಡು ಮಾತಲ್ಲಿ ಬರೆದುಕೊಂಡೆವು. ಚಂದ ಇರಬೇಕಿಲ್ಲ, ನಿಜ ಇದ್ದರೆ ಸಾಕು. ಬರೆದದ್ದು ಇಷ್ಟು: ಅಲ್ಲಿವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ರಾಜನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಬಿರುದಿನಿಂದ ಕರೆದಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಪತ್ತೆ ಮಾಡಿದ ಮಸ್ಕಿ ಶಾಸನದಲ್ಲಿ ಬಿರುದಿನ ಜೊತೆಗೇ ‘ಅಶೋಕ’ ಎಂಬ ಹೆಸರೂ ಇತ್ತು.

ಇದರಿಂದ ಹುಟ್ಟಿದ ಮೊದಲ ಹೆಡ್ಡಿಂಗ್: ‘ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು’. ಎಲ್ಲರೂ ತಲೆದೂಗಿದೆವು. ಊರು ಬಂತು, ಹೆಸರು ಬಂತು, ಓದುವ ಆಸೆಯೂ ಹುಟ್ಟುತ್ತದೆ. ಆದರೆ ಸುಳ್ಳು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರಿದೆ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ಅವು ಆಮೇಲೆ ಬೆಳಕಿಗೆ ಬಂದವು. ಅಶೋಕನೇ ಬರೆಸಿದ ಶಾಸನಗಳ ಪೈಕಿ ‘ಏಕೈಕ’ ಅನ್ನುವುದು 1915ರ ಮಟ್ಟಿಗೆ ನಿಜ, ಇವತ್ತಿಗೆ ಅಲ್ಲ. ಏಕೈಕ, ಮೊಟ್ಟಮೊದಲ, ಅತಿ ದೊಡ್ಡ: ಇಂಥ ಮಾತು ಬರೆಯುವಾಗ ಕೈಗೆ ಸಲೀಸು. ಆದರೆ ಲೋಕದಲ್ಲಿರುವ ಉಳಿದ ಎಲ್ಲವನ್ನೂ ನೋಡಿ ಬಂದವರಷ್ಟೇ ಅದನ್ನು ಹೇಳಬಹುದು. ನಾವು ನೋಡಿರಲಿಲ್ಲ.

ಎರಡನೆಯದು ಜಾಸ್ತಿ ಕಾಡಿತು: ‘ಚಿನ್ನ ಹುಡುಕಲು ಹೋದವನಿಗೆ ಸಿಕ್ಕಿದ್ದು ಅಶೋಕ’. ಎಂಥಾ ಚಂದ ಅಲ್ವಾ? ನಾನಂತೂ ಇದೇ ಇರಲಿ ಅಂದೆ. ಆಗ ನಮ್ಮ ಉಪಸಂಪಾದಕಿ ಒಂದೊಂದು ಪದದ ಮೇಲೂ ಬೆರಳಿಟ್ಟು, ‘ಇದು ಲೇಖನದ ಯಾವ ಸಾಲಿನಲ್ಲಿದೆ ತೋರಿಸಿ ಸರ್’ ಅಂದರು. ‘ಅಶೋಕ’ ಸರಿ. ‘ಚಿನ್ನ’ ಸರಿ. ‘ಹುಡುಕಲು ಹೋದ’ ಎಲ್ಲಿದೆ? ಬೀಡನ್ ಗಣಿ ಎಂಜಿನಿಯರ್ ಅಂತ ಲೇಖನ ಹೇಳುತ್ತದೆ. ಆ ದಿನ ಅವರು ಚಿನ್ನ ಅರಸುತ್ತಾ ಬಂಡೆ ಹತ್ತಿರ ಹೋದರು ಅಂತ ಹೇಳುವುದಿಲ್ಲ. ಆ ಕಥೆ ಕಟ್ಟಿದ್ದು ನನ್ನ ತಲೆ. ಬೆಚ್ಚಿಬೀಳಿಸುವ ಹೆಡ್ಡಿಂಗ್‌ಗಿಂತ ಇಂಥದ್ದೇ ನಮಗೆ ಅಪಾಯ. ಅದು ನೋಡಲು ಮರ್ಯಾದಸ್ಥ, ಅಬ್ಬರ ಇಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಹತ್ತು ವರ್ಷ ಬಿಟ್ಟು ಯಾರೋ ಅದನ್ನೇ ಇತಿಹಾಸ ಅಂತ ಬರೆಯುತ್ತಾರೆ. ಒಲ್ಲದ ಮನಸ್ಸಿನಿಂದ ಹೊಡೆದು ಹಾಕಿದೆ.

ಮೂರನೆಯದು ‘ಅಶೋಕ ಯಾರೆಂದು ಜಗತ್ತಿಗೆ ತಿಳಿಸಿದ ಮಸ್ಕಿ’. ಊರಿನ ಅಭಿಮಾನಕ್ಕೆ ಖುಷಿ. ಆದರೆ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರು. ಆ ‘ಪ್ರಿಯದರ್ಶಿ’ ಅಶೋಕನೇ ಎಂದು ಶ್ರೀಲಂಕಾದ ಪಾಲಿ ಗ್ರಂಥಗಳ ಆಧಾರದಲ್ಲಿ ಜಾರ್ಜ್ ಟರ್ನರ್ ಆಗಲೇ ತೋರಿಸಿದ್ದರು. ಅಂದರೆ ವಿದ್ವಾಂಸರಿಗೆ ಉತ್ತರ ಗೊತ್ತಿತ್ತು, ಶಾಸನದ ಸಾಕ್ಷಿ ಇರಲಿಲ್ಲ. ಮಸ್ಕಿ ಕೊಟ್ಟದ್ದು ಸಾಕ್ಷಿ.

ಹಾಗೆ ಅಂದುಕೊಂಡ ಕೂಡಲೇ ಬೇಕಾದ ಪದ ಸಿಕ್ಕಿಬಿಟ್ಟಿತು. ತಪ್ಪು ಯಾಕೆ ತಪ್ಪು ಅಂತ ಕೆದಕುವಾಗಲೇ ಇಂಥವು ಸಿಗುವುದು. ಕೊನೆಗೆ ನಿಂತ ಹೆಡ್ಡಿಂಗ್:

‘ದೇವಾನಾಂಪ್ರಿಯ’ ಅಶೋಕನೇ: ಮಸ್ಕಿ ಬಂಡೆಯ ಸಾಕ್ಷಿ

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘1915ರಲ್ಲಿ ಗಣಿ ಎಂಜಿನಿಯರ್ ಒಬ್ಬರು ಕಂಡ ಶಾಸನದಲ್ಲಿ ಬಿರುದಿನ ಪಕ್ಕದಲ್ಲೇ ಹೆಸರಿತ್ತು’.

ಇಲ್ಲಿ ಏನನ್ನು ಹೇಳಿದ್ದೇವೆ, ಏನನ್ನು ಉಳಿಸಿಕೊಂಡಿದ್ದೇವೆ ನೋಡಿ. ಫಲಿತಾಂಶ ಮೇಲೆಯೇ ಇದೆ. ಪುಟ ತಿರುವಿದವರೂ ಒಂದು ನಿಜ ತಿಳಿದುಕೊಂಡೇ ಹೋಗುತ್ತಾರೆ. ಆದರೆ ಗಣಿಯವರಿಗೆ ಶಾಸನ ಕಂಡದ್ದು ಹೇಗೆ, ಹೆಸರು ಅಷ್ಟು ಮುಖ್ಯ ಯಾಕಾಯಿತು ಅನ್ನುವ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಹಿಂದಿನ ಹೆಡ್ಡಿಂಗ್ ‘ಏನು’ ಎಂಬುದನ್ನೇ ಬಚ್ಚಿಟ್ಟಿತ್ತು. ಹೊಸದು ‘ಹೇಗೆ’ ಎಂಬುದನ್ನು ಲೇಖನಕ್ಕೆ ಬಿಟ್ಟಿದೆ. ನಮ್ಮ ಮಟ್ಟಿಗೆ ಗೆರೆ ಎಳೆದಿರುವುದು ಅಲ್ಲಿ.

ಇದಕ್ಕೂ ಒಂದು ಕೊರತೆ ಇದೆ, ಒಪ್ಪುತ್ತೇನೆ. ‘ದೇವಾನಾಂಪ್ರಿಯ’ ಎಲ್ಲರಿಗೂ ಗೊತ್ತಿರುವ ಪದ ಅಲ್ಲ. ಮಿರ್ಚಿ ಅಂಗಡಿಯಲ್ಲಿ ಮತ್ತೆ ಓದಿ ತೋರಿಸಿದೆ. ‘ಅಶೋಕ ಚಕ್ರವರ್ತಿದು ಏನೋ ಸಾಕ್ಷಿ ಮಸ್ಕ್ಯಾಗ ಸಿಕ್ಕೈತಿ. ಆ ಮೊದಲನೇ ಪದ ಏನ್ರಿ ಅದು?’ ಅಂದ. ಊರು, ರಾಜ, ಸಾಕ್ಷಿ ಮೂರೂ ತಲುಪಿದ್ದವು. ತಿಳಿಯದ ಒಂದು ಪದದ ಬಗ್ಗೆ ಅವನೇ ಪ್ರಶ್ನೆ ಕೇಳಿದ್ದ. ಲೇಖನದ ಎರಡನೇ ಪ್ಯಾರಾದಲ್ಲಿ ಅದಕ್ಕೆ ಉತ್ತರ ಇದೆ: ದೇವತೆಗಳಿಗೆ ಪ್ರಿಯನಾದವನು. ಹಾಗಾಗಿ ಪದ ಉಳಿಸಿಕೊಂಡೆವು. ಉತ್ತರ ಕೊನೆಯ ಪುಟದಲ್ಲಿ ಇದ್ದಿದ್ದರೆ ಉಳಿಸುತ್ತಿರಲಿಲ್ಲ. ಹೆಡ್ಡಿಂಗ್ ಎಬ್ಬಿಸಿದ ಪ್ರಶ್ನೆಗೆ ಮೊದಲ ಕಾಲಂನಲ್ಲೇ ಉತ್ತರ ಸಿಗಬೇಕು. ಕಾಯಿಸಿದರೆ ಅದೂ ಒಂದು ಥರದ ಮೋಸವೇ.

ಪ್ರತಿಗಳು ಆಗಲೇ ಅಚ್ಚಾಗಿ ಹೋಗಿವೆ, ಹಳೆಯ ಹೆಡ್ಡಿಂಗ್ ಬದಲಿಸಲು ಆಗುವುದಿಲ್ಲ. ಈ ಸಂಚಿಕೆಯ ತಿದ್ದುಪಡಿ ಕಾಲಂನಲ್ಲಿ ಹೊಸದನ್ನು ಹಾಕಿದ್ದೇವೆ. ಮುಂದಿನ ಸಂಚಿಕೆಗೆ ನಿಟ್ಟೂರು, ಉಡೇಗೋಳದ ಲೇಖನ ಸಿದ್ಧವಾಗುತ್ತಿದೆ. ಲೇಖಕರು ಇಟ್ಟಿರುವ ತಲೆಬರಹ ‘ಬಳ್ಳಾರಿ ಜಿಲ್ಲೆಯ ಅಶೋಕನ ಶಾಸನಗಳು: ಒಂದು ಇಣುಕು ನೋಟ’. ಅವಲೋಕನದಿಂದ ಇಣುಕು ನೋಟಕ್ಕೆ ಬಂದಿದ್ದಾರೆ ಅನ್ನಿ. ಪ್ರತಿ ನಿಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಓದಿ, ಒಂದು ಹೆಡ್ಡಿಂಗ್ ಬರೆದು ಕಳಿಸಿ. ಉಪಸಂಪಾದಕಿ ಬೆರಳಿಟ್ಟು ಕೇಳುತ್ತಾರೆ, ಅದಕ್ಕೆ ತಯಾರಿರಿ.

– ಸಂಪಾದಕ