ಮತಾಂತರದ ಬಗ್ಗೆ ಮಕ್ಕಳ ಕೈಲಿ ವೋಟ್ ಹಾಕಿಸಬೇಡಿ

ಪ್ರಶ್ನೆ: ಪುಣೆಯಲ್ಲಿ ಒಂಬತ್ತನೇ ಕ್ಲಾಸಿಗೆ ಪೌರನೀತಿ ಜೊತೆ ಧರ್ಮಗಳ ಪರಿಚಯ ಸೇರಿಸಿ ಪಾಠ ಮಾಡ್ತೀನಿ. ಧಾರ್ಮಿಕ ಸ್ವಾತಂತ್ರ್ಯ, ಮತಾಂತರದ ವಿಷಯಕ್ಕೆ ಪರ ಮತ್ತು ವಿರೋಧ ಅಂತ ಎರಡು ತಂಡ ಮಾಡಿ, ಸಮ ಸಮಯ ಕೊಟ್ಟು ಚರ್ಚೆ ಮಾಡಿಸಿದರೆ ತಟಸ್ಥ ಆಗುತ್ತೆ ಅಲ್ವಾ?

ಆಗಲ್ಲ. ನಾನು ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು. ಬೋರ್ಡಿನ ಮೇಲೆ "ಮತಾಂತರ ಸರಿಯೋ ತಪ್ಪೋ" ಅಂತ ಬರೆದೆ, ಎರಡು ತಂಡ ಮಾಡಿದೆ, ಗಡಿಯಾರ ನೋಡಿ ಸಮಯ ಕೊಟ್ಟೆ, ಕೊನೆಗೆ ಕೈ ಎತ್ತಿಸಿದೆ. ವಿರೋಧ ತಂಡ ಗೆದ್ದಿತು. ಜಗಳ ಇಲ್ಲ, ಗಲಾಟೆ ಇಲ್ಲ. ಪಾಠ ಚೆನ್ನಾಗಿ ಆಯ್ತು ಅಂದುಕೊಂಡೆ.

ಮರುದಿನ ಒಬ್ಬ ಹುಡುಗಿಯ ತಾಯಿ ಬಂದರು. ಅಜ್ಜನ ಕಾಲದಲ್ಲೇ ಬೌದ್ಧರಾದ ಮನೆ ಅವರದು. "ಸರ್, ನಮ್ಮ ಮಾವನೋರು ಮಾಡಿದ್ದು ತಪ್ಪು ಅಂತ ಮಕ್ಕಳ ಕೈಲಿ ವೋಟ್ ಹಾಕಿಸಿದ್ರಂತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷ ಆ ಪಿರಿಯಡ್ಡನ್ನೇ ನನ್ನಿಂದ ತೆಗೆದರು.

ನನ್ನ ತಪ್ಪು ಎಲ್ಲಿತ್ತು ಅನ್ನೋದು ಅರ್ಥ ಆಗೋಕೆ ತುಂಬಾ ದಿನ ಹಿಡಿಯಿತು. ಮೊದಲು ಅನಿಸಿದ್ದು, ಒಂದು ತಂಡ ಬಲವಾಗಿತ್ತು, ಇನ್ನೊಂದಕ್ಕೆ ಒಳ್ಳೆ ಮಾತುಗಾರರನ್ನು ಹಾಕಬೇಕಿತ್ತು ಅಂತ. ಅದಲ್ಲ. ವೋಟ್ ಸಮಸಮ ಬಂದಿದ್ದರೂ ತಪ್ಪು ತಪ್ಪೇ. ಏಕೆಂದರೆ ನಾನು ಕೇಳಿದ ಪ್ರಶ್ನೆಯೇ ಪೌರನೀತಿಯದ್ದಲ್ಲ. ಒಬ್ಬರು ಧರ್ಮ ಬದಲಿಸಿದ್ದು ಸರಿಯೇ ಅಂತ ಪಕ್ಕದ ಬೆಂಚಿನವರು ತೀರ್ಪು ಕೊಡೋಕೆ ಬರಲ್ಲ. ಸರ್ಕಾರ ಇದರಲ್ಲಿ ಎಷ್ಟರ ಮಟ್ಟಿಗೆ ಕೈ ಹಾಕಬಹುದು ಅನ್ನೋದನ್ನು ಯಾರು ಬೇಕಾದರೂ ಚರ್ಚಿಸಬಹುದು. ಮೊದಲನೆಯದರಲ್ಲಿ ಆ ಹುಡುಗಿಯ ಮನೆಯೇ ಕಟಕಟೆಯಲ್ಲಿ ನಿಲ್ಲುತ್ತೆ. ಎರಡನೆಯದರಲ್ಲಿ ಅಲ್ಲಿ ನಿಲ್ಲೋದು ಕಾನೂನು. ಅದೂ ಅಲ್ಲದೆ ಎರಡು ತಂಡ ಅನ್ನೋ ಲೆಕ್ಕವೇ ಸರಿ ಇಲ್ಲ. ಧರ್ಮ ಬದಲಿಸುವವರು ಒಬ್ಬರು, ಅವರ ಮನ ಒಲಿಸುವವರು ಇನ್ನೊಬ್ಬರು, ಸರ್ಕಾರ ಮೂರನೆಯದು. ಈ ಮೂವರ ಹಕ್ಕು, ಅಧಿಕಾರ ಬೇರೆ ಬೇರೆ.

ಮುಂದೆ ಪಿರಿಯಡ್ ವಾಪಸ್ ಸಿಕ್ಕಾಗ ನಾನು ಒಂದೇ ಕೇಸು ಹಿಡಿದೆ. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಕಾನೂನು ಮಾಡಿದವು. ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡಿಸಿದರೆ ಶಿಕ್ಷೆ. ಒಡಿಶಾ ಹೈಕೋರ್ಟ್ ಅಲ್ಲಿನ ಕಾನೂನನ್ನು ಹೊಡೆದು ಹಾಕಿತು. ಆಮಿಷದ ವ್ಯಾಖ್ಯೆ ತೀರಾ ಅಗಲ, ಇಂಥ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿಲ್ಲ ಅಂದಿತು. ಮಧ್ಯಪ್ರದೇಶ ಹೈಕೋರ್ಟ್ ತನ್ನ ರಾಜ್ಯದ ಕಾನೂನನ್ನು ಎತ್ತಿ ಹಿಡಿಯಿತು. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಎರಡೂ ಕಾನೂನು ಸರಿ ಅಂದರು. ಸಂವಿಧಾನದ 25ನೇ ವಿಧಿ ಕೊಡುವ ಪ್ರಚಾರದ ಹಕ್ಕು ಅಂದರೆ ತನ್ನ ಧರ್ಮದ ತತ್ವ ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂದರು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ ಅನ್ನೋದು ಅವರ ಕಾರಣ. ನಮ್ಮ ಮುಂಬೈಯ ದೊಡ್ಡ ವಕೀಲರು ಎಚ್.ಎಂ. ಸೀರ್ವಾಯಿ ಈ ತೀರ್ಪು ತಪ್ಪು, ಇದನ್ನು ರದ್ದು ಮಾಡಬೇಕು ಅಂತ ಖಾರವಾಗಿಯೇ ಬರೆದರು.

ನೋಡಿ, ಭಿನ್ನಾಭಿಪ್ರಾಯ ನಾವು ಹುಟ್ಟುಹಾಕಬೇಕಿಲ್ಲ, ಕೋರ್ಟುಗಳಲ್ಲೇ ಇದೆ. ಮಕ್ಕಳು ಯಾರ ತಂಡಕ್ಕೂ ಸೇರಲ್ಲ. ಯಾವ ಕೋರ್ಟು ಏನು ಕಾರಣ ಕೊಟ್ಟಿತು ಅಂತ ಓದಿ ತಮ್ಮ ಮಾತಲ್ಲಿ ಬರೀತಾರೆ. ಒಂದು ಮಾತು ಮಾತ್ರ ನೀವೇ ಸ್ಪಷ್ಟವಾಗಿ ಹೇಳಿ: ಆ ತೀರ್ಪು ಯಾರೂ ತನ್ನ ಧರ್ಮ ಬದಲಿಸಬಾರದು ಅಂತ ಹೇಳಿಲ್ಲ. ಮಕ್ಕಳ ಬರಹದಲ್ಲಿ ಎಡವೋದು ಇಲ್ಲೇ. "ಮತಾಂತರ ಅಪರಾಧ ಅಂತ ಸುಪ್ರೀಂ ಕೋರ್ಟ್ ಹೇಳಿದೆ" ಅಂತ ಬರೆದುಬಿಡ್ತಾರೆ.

ಆಮೇಲೆ ಕಾನೂನಿನ ವ್ಯಾಖ್ಯೆ ಕೊಡಿ. ಆ ಎರಡೂ ಕಾನೂನಿನಲ್ಲಿ ದೇವರ ಕೋಪದ ಹೆದರಿಕೆ ಹಾಕೋದೂ "ಬಲವಂತ"ದ ಒಳಗೆ ಬರುತ್ತಿತ್ತು. ಇದನ್ನು ಓದಿದ ತಕ್ಷಣ ಕ್ಲಾಸ್ ಎದ್ದು ಕೂರುತ್ತೆ. "ಸರ್, ಹಾಗಾದ್ರೆ ಎಲ್ಲ ಧರ್ಮದವರೂ ಹೆದರಿಸ್ತಾರಲ್ಲ?" ಅಂತ ಒಬ್ಬ ಕೇಳಿದ. ಉಚಿತ ಚಿಕಿತ್ಸೆ, ಶಾಲೆಯ ಸೀಟು, ಮದುವೆ, ಇವು ಆಮಿಷವೇ? ವಾದ ಶುರುವಾಗುತ್ತೆ, ಆದರೆ ಯಾರ ಮನೆಯ ಮೇಲೂ ಹೋಗಲ್ಲ. ಉದಾಹರಣೆಯಲ್ಲಿ ಧರ್ಮದ ಹೆಸರು ಹಾಕಬೇಡಿ, ಅ ಧರ್ಮ, ಬ ಧರ್ಮ ಅನ್ನಿ. ಕೊನೆಗೆ ಎರಡನ್ನೂ ಅದಲು ಬದಲು ಮಾಡಿ ಮತ್ತೆ ಕೇಳಿ. ಯಾರಾದರೂ ಮನಸ್ಸಲ್ಲೇ ಹೆಸರು ಹಾಕಿಕೊಂಡಿದ್ದರೆ ಅವರ ಉತ್ತರ ಬದಲಾಗುತ್ತೆ, ಅವರಿಗೇ ಗೊತ್ತಾಗುತ್ತೆ. ನಿಮ್ಮ ಸ್ವಂತ ಉದಾಹರಣೆಗಳನ್ನೂ ಹೀಗೆ ತಿರುಗಿಸಿ ನೋಡಿ, ನನ್ನವು ಕೆಲವು ಇದರಲ್ಲಿ ಫೇಲ್ ಆದವು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದನ್ನು ಬಿಡಬೇಡಿ. ಅದಿಲ್ಲದಿದ್ದರೆ ಮತಾಂತರ ಅಂದರೆ ಯಾರೋ ಮಾಡಿಸೋದು ಅಂತಲೇ ಮಕ್ಕಳ ತಲೆಯಲ್ಲಿ ಉಳಿಯುತ್ತೆ. ಆದರೆ ಕ್ಲಾಸಿನಲ್ಲಿರುವ ಬೌದ್ಧ ಅಥವಾ ಕ್ರಿಶ್ಚಿಯನ್ ಹುಡುಗರನ್ನು "ನೀನು ಹೇಳಪ್ಪ" ಅಂತ ಎಬ್ಬಿಸಬೇಡಿ.

ನಿಮ್ಮದು ಅನುದಾನಿತ ಶಾಲೆ ಆಗಿದ್ದರೆ 28ನೇ ವಿಧಿಯನ್ನೂ ಒಮ್ಮೆ ಓದಿಕೊಳ್ಳಿ. ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಕಡ್ಡಾಯ ಮಾಡುವ ಹಾಗಿಲ್ಲ. ಧರ್ಮಗಳ ಬಗ್ಗೆ ತಿಳಿಸೋದು ಬೇರೆ, ಅದಕ್ಕೆ ಅಡ್ಡಿ ಇಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಏನು ಓದಿಸ್ತೀರಿ ಅಂತ ಒಂದು ಚೀಟಿ ಬರೆದು ಮೊದಲೇ ಮನೆಗೆ ಕಳಿಸಿ.