ಆ ಪತ್ರವನ್ನು ಮೊದಲು ಅವನ ತಮ್ಮನಿಗೆ ಓದಿ ಹೇಳಿ

ಅಕ್ಕಾ, ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಮಂಗಳವಾರ ರಾತ್ರಿ ಪಾಳಿಯಲ್ಲಿ ಮರಳು ಕಲಸುವ ಮಿಕ್ಸರಿನೊಳಗೆ ಇಳಿದು ಸ್ವಚ್ಛ ಮಾಡುತ್ತಿದ್ದ ಗುತ್ತಿಗೆ ಕಾರ್ಮಿಕನ ಬಲಗೈ ಹೋಯಿತು. ಅವನು ಒಳಗಿರುವಾಗಲೇ ಯಾರೋ ಯಂತ್ರ ಚಾಲೂ ಮಾಡಿದರು. ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ಚು ಕೆಲಸ ಮಾಡದಂತೆ ಅದಕ್ಕೆ ಮೊದಲೇ ತಂತಿ ಕಟ್ಟಿದ್ದರಂತೆ. ನಾಳೆ ಕೆಲಸ ನಿಲ್ಲಿಸಿ, ಎಲ್ಲರೂ ಸೇರಿ ಸುರಕ್ಷತೆಯ ಬಗ್ಗೆ ಮಾತಾಡುವ ಸೇಫ್ಟಿ ಸ್ಟ್ಯಾಂಡ್ ಡೌನ್ ಮಾಡುತ್ತೇವೆ. ಆಸ್ಪತ್ರೆಯಲ್ಲೇ ರಾತ್ರಿ ಕಳೆದ ಮಾಲೀಕರು ಎಲ್ಲರಿಗೂ ಇಮೇಲ್ ಬರೆಯುವ ಹೊಣೆಯನ್ನು ನನಗೆ ಕೊಟ್ಟಿದ್ದಾರೆ. 'ಕಾರ್ಮಿಕನ ಅಜಾಗರೂಕತೆಯಿಂದ' ಎಂದು ಸೇರಿಸಬೇಕು, 'ಭಾನುವಾರ ಉತ್ಪಾದನೆ ಸರಿದೂಗಿಸೋಣ' ಎಂದು ಮುಗಿಸಬೇಕು ಎಂದು ಉತ್ಪಾದನಾ ಮ್ಯಾನೇಜರ್ ಹಟ ಹಿಡಿದಿದ್ದಾರೆ. ಬರೆಯದಿದ್ದರೆ ನೌಕರಿಗೆ ಕುತ್ತು. ಅಂದ ಹಾಗೆ, ಗಾಯಗೊಂಡವನ ತಮ್ಮನೂ ನಮ್ಮಲ್ಲೇ ಮೋಲ್ಡಿಂಗ್ ವಿಭಾಗದಲ್ಲಿದ್ದಾನೆ. ನಾನು ಏನು ಬರೆಯಲಿ?

ತಂಗೀ, ನಿಮಗೆ ಅಂದೇ ಕಳಿಸಿದ ಉತ್ತರವನ್ನೇ ಇಲ್ಲಿ ಅಚ್ಚು ಮಾಡುತ್ತಿದ್ದೇನೆ, ಏಕೆಂದರೆ ಇಂಥ ಪತ್ರ ಬರೆಯಬೇಕಾದವರು ನಿಮ್ಮಂತೆ ಇನ್ನೂ ಎಷ್ಟೋ ಜನರಿದ್ದಾರೆ.

'ಅಂದ ಹಾಗೆ' ಎಂದು ಕೊನೆಯಲ್ಲಿ ಸೇರಿಸಿದಿರಲ್ಲ, ಆ ತಮ್ಮ, ಅವನ ಬಳಿಯೇ ನನ್ನ ಮನಸ್ಸು ನಿಂತುಬಿಟ್ಟಿತು. ನೀವು ಬರೆಯುವ ಪತ್ರದ ಮೊದಲ ಓದುಗ ಅವನು. ಸ್ವಿಚ್ಚಿಗೆ ತಂತಿ ಕಟ್ಟಿದ ಸಂಗತಿ ನಿಮ್ಮ ಕಿವಿಗೇ ಬಿದ್ದಿದೆ ಎಂದರೆ ಅವನಿಗೆ ಗೊತ್ತಿರದೆ ಇರುತ್ತದೆಯೇ? ಅವನ ಸುತ್ತ ನಿಂತವರಿಗೆಲ್ಲ ಗೊತ್ತಿರುತ್ತದೆ. ಅವರ ಕಣ್ಣೆದುರು 'ಅಜಾಗರೂಕತೆ' ಎಂಬ ಮಾತು ಬಂದರೆ ನಾಳಿನ ಸಭೆ ಅಲ್ಲಿಗೇ ಮುಗಿಯಿತು. ಎಲ್ಲರೂ ಹಾಜರಿ ಹಾಳೆಗೆ ಸಹಿ ಹಾಕಿ, ತಲೆ ಬಗ್ಗಿಸಿ ನಿಂತು, ಹೋಗಿಬಿಡುತ್ತಾರೆ. ಇನ್ನೂ ಯಾವ ಯಾವ ಯಂತ್ರದ ಸ್ವಿಚ್ಚಿಗೆ ತಂತಿ ಕಟ್ಟಿದೆ ಎಂಬುದನ್ನು ಯಾರೂ ಬಾಯಿ ಬಿಡುವುದಿಲ್ಲ. ಕೆಲಸ ನಿಲ್ಲಿಸುವುದು ಆ ಮಾತು ಹೊರಗೆ ಬರಲೆಂದೇ. ವಾಯುಪಡೆಗಳಲ್ಲಿ ವಿಮಾನ ಬಿದ್ದಾಗ ಹಾರಾಟ ನಿಲ್ಲಿಸಿ ಎಲ್ಲರನ್ನೂ ಕೂರಿಸುವುದೂ ಇದಕ್ಕಾಗಿಯೇ.

ನಿಮ್ಮ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ ನೋವು ಏನೆಂದು ತಿಳಿದಿದೆ. ಆದರೆ ಒಬ್ಬನ ಕೈ ಹೋದ ವಾರದಲ್ಲೇ ಭಾನುವಾರದ ಉತ್ಪಾದನೆಯ ಲೆಕ್ಕ ಹಾಕುವ ಆ ಮ್ಯಾನೇಜರ್ ಅವರನ್ನು ನಾನು ಕ್ಷಮಿಸಲಾರೆ. ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತದೆ, ನಿಂತರೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಲೆಕ್ಕ ತಪ್ಪುತ್ತದೆ. ಇಂಥ ತಂತಿಗಳನ್ನು ಕಟ್ಟಿಸುವುದು ಈ ಅವಸರವೇ. ಆ ಎರಡು ಸಾಲುಗಳನ್ನು ಬರೆಯಬೇಡಿ. ಕಾರಣ ವಿಚಾರಣೆಯಿಂದ ತಿಳಿಯಬೇಕು, ಅದಕ್ಕೆ ಮೊದಲೇ ಬರೆದರೆ ಮಾಲೀಕರಿಗೇ ತೊಡಕು ಎಂದು ನೇರವಾಗಿ ಆ ಮ್ಯಾನೇಜರ್ ಅವರಿಗೆ ಹೇಳಿ. ತಂತಿಯ ಸಂಗತಿಯನ್ನೂ ಕಾರಣವೆಂದು ಇಮೇಲಿನಲ್ಲಿ ಹಾಕಬೇಡಿ. ಅದನ್ನು ವಿಚಾರಣೆ ಮಾಡುವವರಿಗೆ ಬರವಣಿಗೆಯಲ್ಲಿ ಕೊಡಿ. ಕಾರ್ಖಾನೆಗಳ ಇಲಾಖೆಯ ಅಧಿಕಾರಿ ಬಂದು ನೋಡುವವರೆಗೆ ಆ ಮಿಕ್ಸರನ್ನು, ಆ ತಂತಿಯನ್ನು ಯಾರೂ ಮುಟ್ಟಕೂಡದು.

ಪತ್ರ ಮಾಲೀಕರದೇ ಮಾತಾಗಿ ಹೀಗಿರಲಿ:

ವಿಷಯ: ನಾಳೆ ಪ್ರತಿ ಪಾಳಿಯ ಮೊದಲ 2 ಗಂಟೆ ಉತ್ಪಾದನೆ ಇಲ್ಲ

ಎಲ್ಲ ಸಹೋದ್ಯೋಗಿಗಳಿಗೆ,

ಮಂಗಳವಾರ ರಾತ್ರಿ ಪಾಳಿಯಲ್ಲಿ ಮರಳಿನ ಮಿಕ್ಸರನ್ನು ಸ್ವಚ್ಛ ಮಾಡುತ್ತಿದ್ದ ನಮ್ಮ ಕಾರ್ಮಿಕರೊಬ್ಬರು ಬಲಗೈ ಕಳೆದುಕೊಂಡಿದ್ದಾರೆ. ಅವರು ಒಳಗಿದ್ದಾಗ ಯಂತ್ರ ತಿರುಗಿತು. ಹೇಗೆ ತಿರುಗಿತು ಎಂಬುದರ ವಿಚಾರಣೆ ನಡೆಯುತ್ತಿದೆ. ನಾನು ಅವರನ್ನೂ ಅವರ ಮನೆಯವರನ್ನೂ ಕಂಡು ಬಂದಿದ್ದೇನೆ.

ನಾಳೆ ಮೂರೂ ಪಾಳಿಗಳಲ್ಲಿ ಮೊದಲ 2 ಗಂಟೆ ಉತ್ಪಾದನೆ ನಿಲ್ಲುತ್ತದೆ. ಆ ಹೊತ್ತಿನ ಸಂಬಳ ಗುತ್ತಿಗೆಯವರಿಗೂ ಪೂರ್ತಿ ಸಿಗುತ್ತದೆ. ಹಿಂದಿನ ಪಾಳಿಯವರು ಕುಲುಮೆಯಲ್ಲಿನ ಕರಗಿದ ಲೋಹವನ್ನು ಖಾಲಿ ಮಾಡಿ ಹೋಗಬೇಕು. ತಂಪು ನೀರಿನ ಪಂಪು ಓಡುತ್ತಲೇ ಇರುತ್ತದೆ, ಅದನ್ನು ಇಬ್ಬರು ನೋಡಿಕೊಳ್ಳುತ್ತಾರೆ.

ಎಂಟು ಹತ್ತು ಜನರ ಗುಂಪಾಗಿ ನಿಮ್ಮ ಯಂತ್ರದ ಬಳಿಯೇ ಸೇರೋಣ. ಎಲ್ಲಿ ಗಾರ್ಡ್ ಬಿಚ್ಚಿದೆ, ಯಾವ ಸ್ವಿಚ್ ಕಟ್ಟಿದೆ ಎಂಬುದನ್ನು ಹೇಳಿ. ಹೇಳಿದವರ ಮೇಲೆ ಯಾವ ಕ್ರಮವೂ ಇಲ್ಲ. ಅಂಥ ಯಂತ್ರ ದುರಸ್ತಿಯಾಗಿ ನಾನು ಸಹಿ ಹಾಕುವವರೆಗೆ ಚಾಲೂ ಆಗುವುದಿಲ್ಲ. ಇನ್ನು ಮುಂದೆ ಯಂತ್ರದೊಳಗೆ ಇಳಿಯುವವರು ಮೇನ್ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಚಾಲೂ ಬಟನ್ ಒತ್ತಿ ಯಂತ್ರ ತಿರುಗುವುದಿಲ್ಲ ಎಂದು ನೋಡಿದ ಮೇಲೆಯೇ ಇಳಿಯಬೇಕು.

ನೀವು ಹೇಳಿದ್ದರಲ್ಲಿ ಏನೇನು ಸರಿಪಡಿಸಿದೆವು ಎಂಬುದನ್ನು ಮುಂದಿನ ಶುಕ್ರವಾರ ತಿಳಿಸುತ್ತೇನೆ.

ಕೆಳಗೆ ಮಾಲೀಕರ ಹೆಸರು, ಅವರದೇ ಸಹಿ. ಸಿಬ್ಬಂದಿ ವಿಭಾಗದ ಮುದ್ರೆ ಬೇಡ. ಅವರ ಹೆಸರಿನಲ್ಲಿ ಬರೆದ ಪ್ರತಿಯೊಂದು ಮಾತಿಗೂ ಅವರ ಒಪ್ಪಿಗೆ ಬೇಕು. 'ಕ್ರಮವಿಲ್ಲ' ಎಂಬ ಮಾತಿಗೆ ನಿಲ್ಲಲು ಸಿದ್ಧರಿಲ್ಲದಿದ್ದರೆ ಅದನ್ನು ತೆಗೆದುಬಿಡಿ. ಬರೆದು ಮುರಿದರೆ ಮುಂದಿನ ಸಲ ಯಾರೂ ಏನೂ ಹೇಳುವುದಿಲ್ಲ. ಗಾಯಗೊಂಡವರ ಹೆಸರು, ಫೋಟೊ, ರಕ್ತದ ವರ್ಣನೆ ಬೇಡ. 'ಅಹಿತಕರ ಘಟನೆ' ಎಂಬ ಮಾತೂ ಬೇಡ. ಕೈ ಹೋಗಿದೆ, ಕೈ ಹೋಗಿದೆ ಎಂದೇ ಬರೆಯಬೇಕು. ಮೆತ್ತನೆಯ ಮಾತು ಕಂಡ ಕೂಡಲೇ ಜನ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಕುಲುಮೆಯ ಸಾಲನ್ನು ಉದ್ದವಾಯಿತೆಂದು ಕತ್ತರಿಸಬೇಡಿ. 'ಎಲ್ಲವನ್ನೂ ನಿಲ್ಲಿಸಿ' ಎಂದಷ್ಟೇ ಬರೆದರೆ ಯಾರಾದರೂ ನೀರಿನ ಪಂಪನ್ನೂ ನಿಲ್ಲಿಸಬಹುದು. ಕರಗಿದ ಲೋಹ ಒಳಗಿರುವಾಗ ಇಂಡಕ್ಷನ್ ಕುಲುಮೆಯ ವಿದ್ಯುತ್ ಸುರುಳಿಯನ್ನು ತಂಪಾಗಿಡುವ ನೀರಿನ ಹರಿವು ನಿಂತರೆ ಸುರುಳಿ ಸುಟ್ಟುಹೋಗಬಹುದು. ಅದು ಸೋರಿ ನೀರು ಲೋಹಕ್ಕೆ ತಗುಲಿದರೆ ಸ್ಫೋಟ. ಲೋಹ ಒಳಗೇ ಗಟ್ಟಿಯಾದರೆ ಅದನ್ನು ಮತ್ತೆ ಕರಗಿಸುವುದೂ ಅಪಾಯದ ಕೆಲಸ. ಸುರಕ್ಷತೆಗೆಂದು ನಿಲ್ಲಿಸಿ ಎರಡನೆಯ ಅಪಘಾತ ಮಾಡಿಕೊಳ್ಳುವುದು ಹೀಗೆಯೇ. ಯಾವುದು ನಿಲ್ಲುವುದಿಲ್ಲ ಎಂಬುದನ್ನು ಕುಲುಮೆ ನಡೆಸುವವರನ್ನು ಕೇಳಿ ಬರೆಯಿರಿ.

ಇನ್ನು, ಇಮೇಲ್ ಎಂದಿರಿ. ಮೋಲ್ಡಿಂಗ್ ಮಾಡುವವರಲ್ಲಿ ಎಷ್ಟು ಜನರಿಗೆ ಕಂಪನಿಯ ಇಮೇಲ್ ಇದೆ? ಬರೆದದ್ದನ್ನು ಬಾಯಿಂದ ಓದಬೇಕು ಎಂದು ನಾನು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಟೈಮ್ ಆಫೀಸಿನ ಮುಂದೆ, ಪಾಳಿ ಬದಲಾಗುವ ಹೊತ್ತಿಗೆ, ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಓದಲಿ. ಮಾಲೀಕರೇ ಓದಿದರೆ ಒಳ್ಳೆಯದು, ಗಂಟಲು ಕಟ್ಟಿದರೂ ಚಿಂತೆಯಿಲ್ಲ.

ಇಷ್ಟೆಲ್ಲ ನಿಮ್ಮಿಂದ ಆಗದಿದ್ದರೆ ಒಂದನ್ನಾದರೂ ಮಾಡಿ. ಕಳಿಸುವ ಬಟನ್ ಒತ್ತುವ ಮೊದಲು, ಇವತ್ತು ಸಂಜೆಯೇ, ಆ ತಮ್ಮನ ಮನೆಗೆ ಹೋಗಿ ಕುಳಿತು ಪತ್ರವನ್ನು ಅವನಿಗೆ ಓದಿ ಹೇಳಿ. ಯಾವ ಸಾಲಿಗೆ ಅವನು ಮುಖ ತಿರುಗಿಸುತ್ತಾನೋ ಆ ಸಾಲನ್ನು ಅಲ್ಲೇ, ಅವನ ಮುಂದೆಯೇ ತಿದ್ದಿ. ನಾಳೆ ಆ ಶೆಡ್ಡಿಗೆ ಕಾಲಿಡಲು ಅವನಿಗೆ ಮನಸ್ಸಿಲ್ಲದಿದ್ದರೆ ಸಂಬಳದ ರಜೆಯನ್ನು ಮಾಲೀಕರಿಂದ ಬರೆಸಿಕೊಟ್ಟು ಬನ್ನಿ.